ಡೆಡ್‌ಲಿಫ್ಟ್ ಕಲಿಯೋಣ, ಐದು ಕಿಲೋ ಜೋಳದಿಂದ

ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ತೂಕ ಹಿಡಿದು ನೆಟ್ಟಗೆ ಎದ್ದು ನಿಲ್ಲುವುದನ್ನು, ಕಲಿಯಬೇಕು ಅಂತ ಜಿಮ್ಮಿಗೆ ಬಂದವರು ಸೀದಾ ನೆಲದ ಮೇಲಿರುವ ರಾಡ್ ಹತ್ತಿರ ಹೋಗಿ ಬಗ್ಗುತ್ತಾರೆ. ಹುಬ್ಬಳ್ಳಿಯಲ್ಲಿ ಜಿಮ್ ಟ್ರೇನರ್ ಆಗಿರುವ ನಾನು, ಹೊಸಬರಿಗೆ ಶುರುವಿನಲ್ಲಿ ನೆಲದಿಂದ ಏನನ್ನೂ ಎತ್ತಲು ಬಿಡುವುದಿಲ್ಲ. ತೂಕ ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸುತ್ತೇನೆ. ಅಲ್ಲಿಂದ ಕೆಳಗೆ ಇಳಿಯುವುದನ್ನು ಕಲಿಸುತ್ತೇನೆ.

ಇದಕ್ಕೆ ಕಾರಣ ಇದೆ. ರಾಡ್ ನೆಲದ ಮೇಲಿದ್ದರೆ ಕೈ ಅಲ್ಲಿಗೆ ಮುಟ್ಟಲೇಬೇಕು. ಅಷ್ಟು ಬಗ್ಗುವ ಶಕ್ತಿ ದೇಹಕ್ಕೆ ಇನ್ನೂ ಬಂದಿರದಿದ್ದರೂ ಹೇಗೋ ಮುಟ್ಟುತ್ತೇವೆ. ಹೆಚ್ಚಿನವರು ಬೆನ್ನು ಗೂನು ಮಾಡಿ ಮುಟ್ಟುತ್ತಾರೆ. ನಿಂತಲ್ಲಿಂದ ಇಳಿದರೆ ಹಾಗಲ್ಲ. ಬೆನ್ನು ಬಾಗುತ್ತಿದೆ ಅನ್ನಿಸಿದ ಕ್ಷಣ ಅಲ್ಲೇ ನಿಂತು ವಾಪಸ್ ಮೇಲೆ ಬರಬಹುದು. ಎಷ್ಟು ಆಳ ಹೋಗಬೇಕು ಅನ್ನುವುದನ್ನು ರಾಡ್ ತೀರ್ಮಾನಿಸುವುದಿಲ್ಲ, ನೀವು ತೀರ್ಮಾನಿಸುತ್ತೀರಿ.

ಈ ಇಳಿಯುವ ಚಲನೆಗೆ ಹಿಪ್ ಹಿಂಜ್ ಅನ್ನುತ್ತಾರೆ. ತೊಡೆ ಮತ್ತು ಹೊಟ್ಟೆ ಸೇರುವ ಜಾಗ, ಅಂದರೆ ತೊಡೆಸಂದು, ಬಾಗಿಲಿನ ಬಿಜಾಗರಿಯ ಹಾಗೆ ಮಡಚುತ್ತದೆ. ಕುಂಡಿ ಹಿಂದಕ್ಕೆ ಹೋಗುತ್ತದೆ. ಎದೆ ಮುಂದಕ್ಕೆ ವಾಲುತ್ತದೆ. ಬೆನ್ನು ನಿಂತಾಗ ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿ ಉಳಿಯುತ್ತದೆ. ಮೊಣಕಾಲು ಸ್ವಲ್ಪ ಸಡಿಲವಾಗಿ ಮಡಚಿರುತ್ತದೆ, ಆದರೆ ಮುಂದಕ್ಕೆ ಓಡುವುದಿಲ್ಲ.

ಸ್ಕ್ವಾಟ್ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ಸ್ಕ್ವಾಟ್‌ನಲ್ಲಿ ಮೊಣಕಾಲು ಚೆನ್ನಾಗಿ ಮಡಚಿ ಮುಂದೆ ಹೋಗುತ್ತದೆ, ಕುಂಡಿ ಕೆಳಗೆ ಇಳಿಯುತ್ತದೆ. ಕೆಲಸ ಹೆಚ್ಚಾಗಿ ತೊಡೆಯ ಮುಂಭಾಗಕ್ಕೆ ಬೀಳುತ್ತದೆ. ಹಿಂಜ್‌ನಲ್ಲಿ ಕೆಲಸ ಕುಂಡಿಗೆ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳಿಗೆ ಸೇರಿದ್ದು. ಈ ಹಿಂದಿನ ಸ್ನಾಯುಗಳು ನಾವು ಕುಳಿತಾಗ ನೆಲಕ್ಕೆ ಒತ್ತುವ ಎಲುಬಿನಿಂದ ಹೊರಟು ಮೊಣಕಾಲು ದಾಟಿ ಕೆಳಗೆ ಅಂಟಿಕೊಂಡಿವೆ. ಕುಂಡಿ ಹಿಂದೆ ಹೋದಷ್ಟೂ ಅವು ಎಳೆದುಕೊಳ್ಳುತ್ತವೆ. ಆ ಎಳೆತ ಗೊತ್ತಾದರೆ ಹಿಂಜ್ ಆಗುತ್ತಿದೆ ಅಂತ ಅರ್ಥ.

ಸರಿಯಾದ ಹಿಂಜ್ ನೋಡಬೇಕಿದ್ದರೆ ಜಿಮ್ಮಿಗೇ ಬರಬೇಕೆಂದಿಲ್ಲ. ಹಾವೇರಿ, ಗದಗ ಕಡೆ ಹೊಲದಲ್ಲಿ ಕಳೆ ತೆಗೆಯುವ ಹಿರಿಯ ಹೆಣ್ಣುಮಕ್ಕಳನ್ನು ಬದಿಯಿಂದ ನೋಡಿ. ಎಷ್ಟೋ ಜನರ ಬೆನ್ನು ಹಲಗೆಯಷ್ಟು ನೇರ ಇರುತ್ತದೆ, ಮಡಿಕೆ ಪೂರ್ತಿ ತೊಡೆಸಂದಿನಲ್ಲೇ. ನಮ್ಮ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವ ಪೈಲವಾನರನ್ನು ನೋಡಿ ಮಾತ್ರ ಇದನ್ನು ಕಲಿಯಬೇಡಿ. ದುಂಡಗಿನ ಕಲ್ಲನ್ನು ತಬ್ಬಿ ಎತ್ತಲು ಬೆನ್ನು ಬಾಗಿಸಲೇಬೇಕು. ಅದು ಬೇರೆಯದೇ ವಿದ್ಯೆ, ಅದಕ್ಕೆ ವರ್ಷಗಟ್ಟಲೆ ತಾಲೀಮು ಇರುತ್ತದೆ.

ತೂಕ ಎಷ್ಟು, ಯಾವುದು?

ಹೆಚ್ಚಿನ ವಯಸ್ಕರಿಗೆ 5 ಕಿಲೋ ಸಾಕು. ದೇಹ ದೊಡ್ಡದಿದ್ದರೆ 8 ಕಿಲೋ ತನಕ ಹೋಗಬಹುದು. "ಇಷ್ಟಕ್ಕೆ ಏನಾಗತೈತ್ರಿ?" ಅಂತ ಕೇಳುವ ಹುಡುಗರು ದಿನಾ ಸಿಗುತ್ತಾರೆ. ಮುಂದೆ ಬಗ್ಗಿದಾಗ ನಿಮ್ಮ ಬೆನ್ನು ಆ 5 ಕಿಲೋ ಒಂದನ್ನೇ ಹಿಡಿದಿರುವುದಿಲ್ಲ. ತಲೆ, ಎರಡು ಕೈ, ಎದೆ, ಹೊಟ್ಟೆ ಎಲ್ಲವನ್ನೂ ಹಿಡಿದಿರುತ್ತದೆ. ಅದು ನಿಮ್ಮ ದೇಹದ ತೂಕದ ಅರ್ಧಕ್ಕಿಂತ ಜಾಸ್ತಿ. 70 ಕಿಲೋ ಇರುವವರು ಬರಿಗೈಯಲ್ಲಿ ಬಗ್ಗಿದರೂ 35 ಕಿಲೋಗಿಂತ ಹೆಚ್ಚು ಮುಂದೆ ವಾಲಿರುತ್ತದೆ.

ಹಾಗಾದರೆ ಬರಿಗೈಯಲ್ಲೇ ಕಲಿಯಬಹುದಲ್ವಾ? ಮೊದಲ ಎರಡು ಹೆಜ್ಜೆ ಬರಿಗೈಯಲ್ಲೇ ಇವೆ. ಆಮೇಲೆ ಸಣ್ಣ ತೂಕ ಬೇಕೇ ಬೇಕು. ಕೈಯಲ್ಲಿ ಏನೂ ಇಲ್ಲದೆ ಕುಂಡಿ ಹಿಂದೆ ತಳ್ಳಿದರೆ ಹಿಂದಕ್ಕೆ ಬೀಳುವ ಭಯ ಬರುತ್ತದೆ. ಆಗ ಮೊಣಕಾಲು ತಾನಾಗಿಯೇ ಮುಂದೆ ಬಂದು ನಿಮ್ಮನ್ನು ಕಾಪಾಡುತ್ತದೆ, ಹಿಂಜ್ ಹೋಗಿ ಸ್ಕ್ವಾಟ್ ಆಗುತ್ತದೆ. ಮುಂದೆ ಸ್ವಲ್ಪ ತೂಕ ಇದ್ದರೆ ಅದು ಸಮತೋಲ ಕೊಡುತ್ತದೆ, ಕುಂಡಿ ಧೈರ್ಯವಾಗಿ ಹಿಂದೆ ಹೋಗುತ್ತದೆ. ಇನ್ನೊಂದು ಲಾಭವೂ ಇದೆ. ತೂಕ ಕಾಲಿನಿಂದ ದೂರ ಹೋದ ಕೂಡಲೇ ಅದು ಬೆನ್ನಿಗೆ ಗೊತ್ತಾಗುತ್ತದೆ. ಬರಿಗೈಯಲ್ಲಿ ಆ ಸುದ್ದಿ ಬರುವುದೇ ಇಲ್ಲ. ಅದೇ 40 ಕಿಲೋ ಹಿಡಿದರೆ ಸುದ್ದಿ ಬರುತ್ತದೆ, ತಿದ್ದಿಕೊಳ್ಳಲು ಸಮಯ ಸಿಗುವುದಿಲ್ಲ.

ಮನೆಯಲ್ಲಿ ಮಾಡುವವರಿಗೆ ನನ್ನ ಸಲಹೆ, ಗಟ್ಟಿ ಬಟ್ಟೆಯ ಕೈಚೀಲದಲ್ಲಿ 5 ಕಿಲೋ ಜೋಳ. ಅಕ್ಕಿ ಆದರೂ ನಡೆಯುತ್ತದೆ. ಚೀಲದ ಹಿಡಿಕೆ ಉದ್ದ ಇದ್ದರೆ ಗಂಟು ಹಾಕಿ ಗಿಡ್ಡ ಮಾಡಿ. ನಿಂತಾಗ ಚೀಲ ತೊಡೆಯ ಮುಂಭಾಗಕ್ಕೆ ತಾಗಿಕೊಂಡಿರಬೇಕು, ಮೊಣಕಾಲ ಹತ್ತಿರ ಜೋತಾಡಬಾರದು. ನೀರು ತುಂಬಿದ ಬಕೆಟ್ ಬೇಡ. ನೀರು ಕುಲುಕುತ್ತದೆ, ಅಂಚು ಮೊಣಕಾಲಿಗೆ ಬಡಿಯುತ್ತದೆ. ಜಿಮ್ಮಿನಲ್ಲಾದರೆ 6 ಅಥವಾ 8 ಕಿಲೋ ಕೆಟಲ್‌ಬೆಲ್ ಚೆನ್ನಾಗಿ ಒದಗುತ್ತದೆ. ಇಲ್ಲದಿದ್ದರೆ ಒಂದು ಡಂಬೆಲ್‌ ಅನ್ನು ಉದ್ದಕ್ಕೆ ನಿಲ್ಲಿಸಿ ಮೇಲಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿಯಿರಿ.

ಬರಿಗಾಲಲ್ಲಿ ಮಾಡಿ, ಅಥವಾ ತೆಳು ಚಪ್ಪಟೆ ಅಡಿಯ ಶೂ ಹಾಕಿ. ಓಡುವ ಶೂಗಳ ಮೆತ್ತನೆ ಹಿಮ್ಮಡಿ ನಿಮ್ಮನ್ನು ಮುಂದಕ್ಕೆ ವಾಲಿಸುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. ಬೆನ್ನಿನಿಂದ ಕಾಲಿಗೆ ಇಳಿಯುವ ನೋವು, ಕಾಲು ಜೋಮು, ಸ್ಲಿಪ್ ಡಿಸ್ಕ್, ಎಲುಬು ಸವೆತ, ಇತ್ತೀಚೆಗೆ ಆಪರೇಷನ್ ಆಗಿದ್ದು, ಗರ್ಭಿಣಿ ಆಗಿರುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಮೊದಲು ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ಬನ್ನಿ. ಬಿಪಿ ಇರುವವರು ಉಸಿರು ಬಿಗಿಹಿಡಿಯುವ ಭಾಗವನ್ನು ಬಿಟ್ಟು ಉಳಿದದ್ದು ಮಾಡಬಹುದೇ ಅಂತ ಕೇಳಿಕೊಳ್ಳಿ.

ಮೊದಲ ಹೆಜ್ಜೆ: ಗೋಡೆ

ಗೋಡೆಗೆ ಬೆನ್ನು ಮಾಡಿ ನಿಲ್ಲಿ. ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದೆ ಇರಲಿ. ಎರಡು ಪಾದಗಳ ನಡುವೆ ನಿಮ್ಮ ಸೊಂಟದಷ್ಟು ಅಂತರ ಇರಲಿ, ಬೆರಳುಗಳು ನೇರ ಮುಂದಕ್ಕೆ ಅಥವಾ ಸ್ವಲ್ಪ ಹೊರಗೆ.

ಎರಡೂ ಅಂಗೈಗಳ ಅಂಚನ್ನು, ಕಿರುಬೆರಳಿನ ಕಡೆಯದು, ತೊಡೆಸಂದಿಗೆ ಇಡಿ. ಈಗ ಆ ಅಂಚನ್ನು ಒಳಗೆ ಒತ್ತುತ್ತಾ ಕುಂಡಿಯನ್ನು ಗೋಡೆಯ ಕಡೆಗೆ ತಳ್ಳಿ. ಅಂಗೈ ತೊಡೆಗೂ ಹೊಟ್ಟೆಗೂ ಮಧ್ಯೆ ಸಿಕ್ಕಿಹಾಕಿಕೊಂಡರೆ ಮಡಿಕೆ ಸರಿಯಾದ ಜಾಗದಲ್ಲಿದೆ. ಕುಂಡಿ ಗೋಡೆಗೆ ಮೆತ್ತಗೆ ತಾಗಿದ ಕೂಡಲೇ ಪಾದದಿಂದ ನೆಲ ಒತ್ತಿ ಎದ್ದು ನಿಲ್ಲಿ. ಗೋಡೆಯ ಮೇಲೆ ಭಾರ ಹಾಕಿ ಒರಗಬೇಡಿ.

ಒಂದು ಗೇಣಿನಲ್ಲಿ ಇದು ಸುಲಭ. ಐದಾರು ಸಲ ಆದ ಮೇಲೆ ಎರಡು ಬೆರಳಿನಷ್ಟು ಮುಂದೆ ಸರಿದು ಮತ್ತೆ ಮಾಡಿ. ಹೀಗೇ ಸರಿಯುತ್ತಾ ಹೋಗಿ. ಒಂದು ಜಾಗದಲ್ಲಿ ಕುಂಡಿ ಗೋಡೆಗೆ ತಾಗುವುದಕ್ಕೂ ತಾಗದಿರುವುದಕ್ಕೂ ಕೂದಲೆಳೆಯ ಅಂತರ ಉಳಿಯುತ್ತದೆ. ಅಲ್ಲಿ ತೊಡೆಯ ಹಿಂದೆ ಚೆನ್ನಾಗಿ ಎಳೆಯುತ್ತದೆ. ಸಾಧಾರಣ ಎತ್ತರದವರಿಗೆ ಅದು ಸುಮಾರು ಒಂದೂವರೆ ಗೇಣಿನ ಹತ್ತಿರ ಬರುತ್ತದೆ. ಅಲ್ಲಿ ಸುಣ್ಣದಿಂದಲೋ ಟೇಪಿನಿಂದಲೋ ಒಂದು ಗುರುತು ಹಾಕಿ. ನಿಮ್ಮ ಅಭ್ಯಾಸದ ಜಾಗ ಅದೇ.

ಪಾದದ ಕಡೆ ಗಮನ ಇರಲಿ. ಭಾರ ಪಾದದ ಮಧ್ಯದಲ್ಲಿರಬೇಕು. ಕುಂಡಿ ಹಿಂದೆ ಹೋಗುವಾಗ ಹೆಬ್ಬೆರಳು ಮೇಲೆದ್ದರೆ ಭಾರ ಪೂರ್ತಿ ಹಿಮ್ಮಡಿಗೆ ಹೋಗಿದೆ. ಹಿಮ್ಮಡಿ ಎದ್ದರೆ ನೀವು ಹಿಂದೆ ಹೋಗುತ್ತಿಲ್ಲ, ಸುಮ್ನೆ ಮುಂದೆ ಬಗ್ಗುತ್ತಿದ್ದೀರಿ.

ಇಲ್ಲಿ ಎಲ್ಲರಿಗೂ ಆಗುವ ಎಡವಟ್ಟು ಎಂದರೆ ಮೊಣಕಾಲು ಮುಂದೆ ಓಡುವುದು. "ಮೊಣಕಾಲು ಮುಂದೆ ಬಿಡಬೇಡಿ" ಅಂತ ನೂರು ಸಲ ಹೇಳಿದರೂ ಅದು ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ ಒಂದನ್ನು ಮೊಣಕಾಲ ಚಿಪ್ಪಿನ ಮುಂದೆ ಎರಡು ಬೆರಳು ಜಾಗ ಬಿಟ್ಟು ಇಡಿ. ಇಳಿಯುವಾಗ ಮೊಣಕಾಲು ಕುರ್ಚಿಗೆ ತಾಗಬಾರದು, ಅಷ್ಟೇ ನಿಯಮ. ಕುರ್ಚಿ ನನಗಿಂತ ಒಳ್ಳೆಯ ಟ್ರೇನರ್.

ಇದರ ಉಲ್ಟಾ ಮಾಡುವವರೂ ಇದ್ದಾರೆ, ಮೊಣಕಾಲನ್ನು ಕಟ್ಟಿಗೆ ಮಾಡಿ ನಿಲ್ಲುವವರು. ಕಾಲು ಪೂರ್ತಿ ನೆಟ್ಟಗಿದ್ದರೆ ತೊಡೆಯ ಹಿಂದಿನ ಸ್ನಾಯು ಮೊದಲೇ ಬಿಗಿದಿರುತ್ತದೆ, ಸ್ವಲ್ಪ ಬಗ್ಗುವಷ್ಟರಲ್ಲಿ ಬೆನ್ನು ಗೂನಾಗುತ್ತದೆ. ನಿಂತಾಗಲೇ ಮೊಣಕಾಲಿನ ಬೀಗ ಬಿಚ್ಚಿ, ಆಮೇಲೆ ಹಿಂದೆ ಹೋಗಿ.

ಎರಡನೆಯದು: ಕೋಲು

ಗೋಡೆ ಹೇಳುವುದು ಕುಂಡಿಯ ಸುದ್ದಿ. ಬೆನ್ನಿನ ಸುದ್ದಿ ಹೇಳಲು ಒಂದು ನೇರ ಕೋಲು ಬೇಕು. ಕಸಬರಿಗೆಯ ಕೋಲು, ಪಿವಿಸಿ ಪೈಪು, ಯಾವುದಾದರೂ ಆದೀತು, ನಿಮ್ಮ ತಲೆಯಿಂದ ಕುಂಡಿಯ ತನಕ ಉದ್ದ ಇದ್ದರೆ ಸಾಕು.

ಕೋಲನ್ನು ಬೆನ್ನ ಹಿಂದೆ ನೆಟ್ಟಗೆ ಹಿಡಿಯಿರಿ. ಒಂದು ಕೈ ಕುತ್ತಿಗೆಯ ಹಿಂದೆ, ಇನ್ನೊಂದು ಕೈ ಸೊಂಟದ ಹಿಂದೆ. ಕೋಲು ಮೂರು ಕಡೆ ತಾಗಬೇಕು. ತಲೆಯ ಹಿಂಭಾಗ, ಎರಡು ಭುಜದೆಲುಬುಗಳ ನಡುವೆ, ಮತ್ತು ಕುಂಡಿಯ ಸೀಳಿನ ಸ್ವಲ್ಪ ಮೇಲಿರುವ ಚಪ್ಪಟೆ ಎಲುಬು. ಸೊಂಟದ ಹತ್ತಿರ ಕೋಲಿಗೂ ಬೆನ್ನಿಗೂ ನಡುವೆ ಸ್ವಲ್ಪ ಖಾಲಿ ಜಾಗ ಸಹಜವಾಗಿ ಇರುತ್ತದೆ. ಹಿಡಿದಿರುವ ಕೈಯ ಬೆರಳು ಅಲ್ಲಿ ಹಿಡಿಸಿದರೆ ಸರಿಯಾಗಿದೆ.

ಈಗ ಗೋಡೆಯ ಮುಂದೆ ಮಾಡಿದ್ದನ್ನೇ ಮಾಡಿ, ನಿಧಾನಕ್ಕೆ. ಇಳಿಯುವಾಗ ಮೂರೂ ಜಾಗ ಕೋಲಿಗೆ ಅಂಟಿಕೊಂಡಿರಬೇಕು. ತಲೆ ಬಿಟ್ಟರೆ ನೀವು ನೆಲ ನೋಡಲು ಗದ್ದ ಇಳಿಸಿದ್ದೀರಿ, ಅಥವಾ ಎದುರಿನ ಕನ್ನಡಿ ನೋಡಲು ಕತ್ತು ಎತ್ತುತ್ತಿದ್ದರೆ ಕೋಲು ತಲೆಗೆ ಜೋರಾಗಿ ಒತ್ತುತ್ತದೆ. ಕನ್ನಡಿ ಬಿಡಿ. ನಿಂತಾಗ ಕಣ್ಣು ಎದುರಿಗಿರಲಿ, ಇಳಿದಂತೆ ನೋಟವೂ ತಾನಾಗಿ ನೆಲಕ್ಕೆ ಇಳಿಯಲಿ. ಸೊಂಟದ ಖಾಲಿ ಜಾಗ ದೊಡ್ಡದಾಗುತ್ತಾ ಹೋದರೆ ನೀವು ಎದೆ ಉಬ್ಬಿಸಿ ಬೆನ್ನನ್ನು ಒಳಕ್ಕೆ ಬಗ್ಗಿಸುತ್ತಿದ್ದೀರಿ. ಪಕ್ಕೆಲುಬನ್ನು ಸ್ವಲ್ಪ ಕೆಳಗೆ ಇಳಿಸಿ.

ಕೆಳಗಿನ ಎಲುಬಿನ ವಿಷಯ ಎಲ್ಲಕ್ಕಿಂತ ಮುಖ್ಯ. ಒಂದು ಆಳ ದಾಟಿದ ಮೇಲೆ ಕುಂಡಿ ಒಳಕ್ಕೆ ಮಡಚಿ ಸೊಂಟದ ಖಾಲಿ ಜಾಗ ಮುಚ್ಚಿಹೋಗುತ್ತದೆ, ಕೋಲು ಬೆರಳನ್ನು ಒತ್ತುತ್ತದೆ. ತೊಡೆಯ ಹಿಂದಿನ ಸ್ನಾಯು ಇನ್ನು ಎಳೆಯಲು ಬಾರದು ಅಂತ ಹೇಳಿದ ಜಾಗ ಅದು. ಅದಕ್ಕಿಂತ ಎರಡು ಬೆರಳು ಮೇಲೆ ನಿಮ್ಮ ಇವತ್ತಿನ ಗಡಿ. ಆ ಆಳದಲ್ಲಿ ಕೈ ಕೆಳಗೆ ಬಿಟ್ಟರೆ ಕೆಲವರಿಗೆ ಅದು ಮೊಣಕಾಲಿಗಿಂತ ಮೇಲೆಯೇ ಇರುತ್ತದೆ. ಏನೂ ತೊಂದರೆ ಇಲ್ಲ, ಅಲ್ಲಿಂದಲೇ ಶುರು.

ಮೂರನೆಯದು: ಜೋಳದ ಚೀಲ

ಚೀಲವನ್ನು ನೆಲದಿಂದ ಎತ್ತಬೇಡಿ. ಕುರ್ಚಿ ಅಥವಾ ಟೇಬಲ್ ಮೇಲಿಟ್ಟು ಅಲ್ಲಿಂದ ಕೈಗೆ ತೆಗೆದುಕೊಳ್ಳಿ. ಎರಡೂ ಕೈ ನೇರ ಕೆಳಗೆ, ಚೀಲ ತೊಡೆಗೆ ತಾಗಿರಲಿ. ಕಂಕುಳಲ್ಲಿ ಒಂದು ಟವೆಲ್ ಇಟ್ಟು ಅದು ಬೀಳದಂತೆ ಹಿಡಿಯುವಷ್ಟು ಮಾತ್ರ ಬಿಗಿ. ಇದರಿಂದ ಕೈ ಮುಂದೆ ತೇಲಿ ಹೋಗುವುದಿಲ್ಲ.

ಮೂಗಿನಿಂದ ಉಸಿರು ಒಳಗೆ ತೆಗೆದುಕೊಳ್ಳಿ. ಈಗಲೇ ಕೆಮ್ಮು ಬರುತ್ತದೆ ಅನ್ನುವಾಗ ಹೊಟ್ಟೆ ಸುತ್ತ ಬಿಗಿಯಾಗುತ್ತದಲ್ಲ, ಅಷ್ಟು ಬಿಗಿ ಮಾಡಿ. 5 ಕಿಲೋಗೆ ಇನ್ನೂ ಜಾಸ್ತಿ ಬೇಡ. ಮೊಣಕಾಲಿನ ಬೀಗ ಬಿಚ್ಚಿ, ಕುಂಡಿಯನ್ನು ಹಿಂದಿನ ಗೋಡೆಯ ಕಡೆಗೆ ಕಳಿಸಿ. ಚೀಲವನ್ನು ಕೆಳಗೆ ಇಳಿಸುತ್ತಿದ್ದೇನೆ ಅಂತ ಯೋಚಿಸಬೇಡಿ. ಕುಂಡಿ ಹಿಂದೆ ಹೋದಂತೆ ಚೀಲ ತಾನೇ ತೊಡೆಯ ಮೇಲೆ ಜಾರಿ ಇಳಿಯುತ್ತದೆ. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಇಳಿಯಿರಿ. ನಿಮ್ಮ ಗಡಿ ಬಂದಾಗ ಒಂದು ಕ್ಷಣ ನಿಲ್ಲಿ. ಆಮೇಲೆ ಪಾದದಿಂದ ನೆಲ ಒತ್ತಿ, ತೊಡೆಸಂದನ್ನು ಮುಂದಕ್ಕೆ ತಂದು ನೆಟ್ಟಗಾಗಿ, ಉಸಿರು ಬಿಡಿ.

ಮೇಲೆ ಬಂದ ಮೇಲೆ ಕುಂಡಿ ಬಿಗಿ ಹಿಡಿದು ನೇರ ನಿಂತರೆ ಮುಗಿಯಿತು. ಕೆಲವರು ಫೋಟೋಕ್ಕೆ ನಿಂತ ಹಾಗೆ ಹಿಂದಕ್ಕೆ ವಾಲುತ್ತಾರೆ. ಅದರಿಂದ ಸೊಂಟದ ಎಲುಬಿನ ಮೇಲೆ ಒತ್ತಡ ಬೀಳುವುದು ಬಿಟ್ಟರೆ ಬೇರೇನೂ ಲಾಭ ಇಲ್ಲ.

8 ಸಲ ಮಾಡಿ, ಒಂದೆರಡು ನಿಮಿಷ ಬಿಡುವು, ಮತ್ತೆ 8. ಒಟ್ಟು ಮೂರು ಸೆಟ್. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು. ಮೊದಲ ಸಲ ಮಾಡಿದ ಮರುದಿನ ತೊಡೆಯ ಹಿಂದೆ, ಕುಂಡಿಯಲ್ಲಿ ನೋವು ಇದ್ದರೆ ಕೆಲಸ ಸರಿಯಾದ ಜಾಗಕ್ಕೆ ಹೋಗಿದೆ. ಸೊಂಟದ ಎರಡೂ ಬದಿ ಸ್ವಲ್ಪ ದಣಿದಂತೆ ಅನ್ನಿಸುವುದೂ ಸಹಜ, ಆ ಸ್ನಾಯುಗಳೂ ಹಿಡಿದುಕೊಂಡಿದ್ದವಲ್ಲ. ಆದರೆ ಬೆನ್ನೆಲುಬಿನ ಮೇಲೆಯೇ ಒಂದು ಬಿಂದುವಿನಲ್ಲಿ ಚುಚ್ಚುವ ನೋವು, ಅಥವಾ ಕಾಲಿಗೆ ಇಳಿಯುವ ನೋವು ಬಂದರೆ ಅವತ್ತೇ ನಿಲ್ಲಿಸಿ.

ಮೊಬೈಲನ್ನು ಸೊಂಟದ ಎತ್ತರಕ್ಕೆ, ಸರಿಯಾಗಿ ಬದಿಯಿಂದ ಇಟ್ಟು ಒಂದು ಸೆಟ್ ವಿಡಿಯೋ ಮಾಡಿ. ಎದುರಿನಿಂದ ತೆಗೆದ ವಿಡಿಯೋದಲ್ಲಿ ಏನೂ ಕಾಣುವುದಿಲ್ಲ. ಬದಿಯಿಂದ ನೋಡುವಾಗ ಎರಡೇ ಪ್ರಶ್ನೆ ಕೇಳಿ. ಮೊಣಕಾಲ ಕೆಳಗಿನ ಎಲುಬು ಹೆಚ್ಚು ಕಡಿಮೆ ನೆಟ್ಟಗೆ ನಿಂತಿದೆಯೇ? ಚೀಲಕ್ಕೂ ಕಾಲಿಗೂ ನಡುವೆ ಬೆಳಕು ಕಾಣುತ್ತದೆಯೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅಂತ ಬರಬೇಕು.

ಬೆಟಗೇರಿಯ ಅಕ್ಕಾರ ಕಥೆ

ಇದೆಲ್ಲ ಒಬ್ಬರ ದೇಹದಲ್ಲಿ ಹೇಗೆ ನಡೆಯುತ್ತದೆ ಅಂತ ಹೇಳಿದರೆ ಹೆಚ್ಚು ತಿಳಿಯುತ್ತದೆ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬರು ಕನ್ನಡ ಶಾಲೆಯ ಅಕ್ಕಾರು, ಊರು ಬೆಟಗೇರಿ, ವಯಸ್ಸು ನಲವತ್ತು ದಾಟಿತ್ತು. ದಿನವಿಡೀ ನಿಂತು ಪಾಠ, ಸಂಜೆ ನೋಟ್‌ಬುಕ್ ತಿದ್ದಲು ಬಗ್ಗಿ ಕೂರುವುದು. ನೀರು ಬಂದ ದಿನ ಕೊಡ ಎತ್ತಿದರೆ ಸೊಂಟ ಹಿಡಿಯುತ್ತದೆ ಅಂತ ಡಾಕ್ಟರ್ ಹತ್ತಿರ ತೋರಿಸಿ, ವ್ಯಾಯಾಮ ಮಾಡಬಹುದು ಅಂತ ಹೇಳಿಸಿಕೊಂಡು ಬಂದಿದ್ದರು.

ಗೋಡೆಯ ಮುಂದೆ ನಿಲ್ಲಿಸಿದಾಗ ಅವರ ಮೊಣಕಾಲು ಸೀದಾ ಮುಂದೆ ಹೋಯಿತು. ಕುರ್ಚಿ ತಂದಿಟ್ಟೆ. ಎರಡು ಸಲ ತಾಗಿತು, ಮೂರನೆಯ ಸಲ ತಾಗಲಿಲ್ಲ. ಕೂಡಲೇ ಗಾಬರಿಯಿಂದ ಕೇಳಿದರು.

"ತಮ್ಮಾ, ತೊಡಿ ಹಿಂದ ಜಗ್ಗಾಕತ್ತೈತಿ. ಏನರ ಹರೀತೈತೇನೋ?"

"ಹರಿಯೂದಿಲ್ರೀ ಅಕ್ಕಾರ. ಅದ ಬೇಕಾಗಿದ್ದು ನಮಗ. ಬೆನ್ನಾಗ ಏನರ ಅನಸ್ತೈತ್ರೇನು?"

"ಬೆನ್ನಾಗ ಏನಿಲ್ಲ."

ಕೋಲು ಹಿಡಿಸಿದಾಗ ನಿಜವಾದ ಗಡಿ ಗೊತ್ತಾಯಿತು. ಕೈ ಕೆಳಗೆ ಬಿಟ್ಟಿದ್ದರೆ ಅದು ತೊಡೆಯ ಅರ್ಧ ದಾಟಿ ಮೊಣಕಾಲ ಹತ್ತಿರ ಬರುತ್ತಿದ್ದ ಆಳದಲ್ಲೇ ಅವರ ಸೊಂಟದ ಖಾಲಿ ಜಾಗ ಮುಚ್ಚಿಹೋಗುತ್ತಿತ್ತು. ಮೊಣಕಾಲ ಚಿಪ್ಪಿಗಿಂತ ನಾಲ್ಕು ಬೆರಳು ಮೇಲೆ ನಿಲ್ಲಿಸುವುದು ಅಂತ ತೀರ್ಮಾನ ಮಾಡಿದೆವು. ಅವರಿಗೆ ಸಮಾಧಾನ ಆಗಲಿಲ್ಲ. ಪಕ್ಕದಲ್ಲಿ ಹುಡುಗರು ನೆಲದಿಂದ ಎತ್ತುತ್ತಿದ್ದರಲ್ಲ.

ಚೀಲ ಕೊಟ್ಟ ದಿನ ಹೊಸ ತೊಂದರೆ ಬಂತು. ಕುಂಡಿ ಚೆನ್ನಾಗಿ ಹಿಂದೆ ಹೋಗುತ್ತಿತ್ತು, ಆದರೆ ಚೀಲ ಕಾಲಿನಿಂದ ಮುಕ್ಕಾಲು ಗೇಣು ಮುಂದೆ ತೂಗಾಡುತ್ತಿತ್ತು. ಎಂಟನೆಯ ಸಲಕ್ಕೆ ಸೊಂಟ ದಣಿಯಿತು ಅಂದರು. ತೂಕ ಅಷ್ಟೇ ಇದ್ದರೂ ಅದು ಮುಂದೆ ಹೋದಷ್ಟು ಸೊಂಟದ ಮೇಲೆ ಅದರ ಎಳೆತ ಜಾಸ್ತಿ. ಸೊಂಟದ ಸ್ನಾಯು ಬೆನ್ನೆಲುಬಿಗೆ ಬಹಳ ಹತ್ತಿರ ಇರುವುದರಿಂದ, ಮುಂದಿನ ಸಣ್ಣ ಎಳೆತ ತಡೆಯಲೂ ಅದು ದೊಡ್ಡ ಬಲ ಹಾಕಬೇಕಾಗುತ್ತದೆ. ಕಂಕುಳಲ್ಲಿ ಟವೆಲ್ ಇಡಿಸಿದೆ. ಚೂಡಿದಾರಿನ ಬಟ್ಟೆಗೆ ಚೀಲ ಉಜ್ಜುವ ಸದ್ದು ಕೇಳಬೇಕು, ಕೇಳದಿದ್ದರೆ ಆ ಸಲದ್ದು ಲೆಕ್ಕಕ್ಕಿಲ್ಲ ಅಂದೆ. ಅಕ್ಕಾರು ತಾವೇ ಮಾರ್ಕ್ಸ್ ಹಾಕಿಕೊಳ್ಳಲು ಶುರು ಮಾಡಿದರು. "ಇದು ಫೇಲ್" ಅಂತ ಜೋರಾಗಿ ಹೇಳಿ ಮತ್ತೆ ಮಾಡುತ್ತಿದ್ದರು. ಸೊಂಟ ದಣಿಯುವುದು ಅದೇ ವಾರದಲ್ಲಿ ಕಡಿಮೆಯಾಯಿತು. ಚೀಲದ ತೂಕ ಬದಲಾಗಿರಲಿಲ್ಲ.

ಮೂರನೆಯ ವಾರದ ಹೊತ್ತಿಗೆ ಚೀಲ ಮೊಣಕಾಲ ಚಿಪ್ಪು ದಾಟಿ ಸ್ವಲ್ಪ ಕೆಳಗೆ ಹೋಗುತ್ತಿತ್ತು, ಬೆನ್ನು ಹಾಗೆಯೇ ಇತ್ತು. ಅಷ್ಟು ಬೇಗ ಸ್ನಾಯು ಉದ್ದ ಆಗುವುದಿಲ್ಲ. ಎಳೆತಕ್ಕೆ ಹೆದರಿ ಬಿಗಿಯುವುದನ್ನು ದೇಹ ಬಿಟ್ಟಿತು, ಮೊಣಕಾಲು ಎಷ್ಟು ಸಡಿಲ ಇರಬೇಕು ಅನ್ನುವುದೂ ಕುದುರಿತು. ಕೆಲವರಿಗೆ ಈ ಬದಲಾವಣೆ ತಿಂಗಳು ಕಳೆದರೂ ಬರುವುದಿಲ್ಲ. ತೊಡೆಯ ಎಲುಬು ಉದ್ದ ಇರುವವರ ಎದೆ ಹೆಚ್ಚು ವಾಲುತ್ತದೆ, ಅವರ ಗಡಿಯೂ ಬೇರೆ. ಪಕ್ಕದವರ ಆಳ ನೋಡಿ ಇಳಿಯಬೇಡಿ.

ರಾಡ್ ಹಿಡಿಯುವಾಗ ಎತ್ತರ ನೋಡಿ

ಚೀಲ ಮೊಣಕಾಲ ಕೆಳಗೆ ಹೋಗುತ್ತಿದೆ, ಮೂರು ಸೆಟ್‌ನ ಕೊನೆಯ ಸಲವೂ ವಿಡಿಯೋದಲ್ಲಿ ಮೊದಲ ಸಲದ ಹಾಗೇ ಕಾಣುತ್ತಿದೆ ಅಂದರೆ ರಾಡ್ ಹಿಡಿಯಬಹುದು. ದೊಡ್ಡ ಒಲಿಂಪಿಕ್ ರಾಡ್ ಖಾಲಿಯೇ 20 ಕಿಲೋ ಇರುತ್ತದೆ. 5 ಕಿಲೋದಿಂದ ಅಲ್ಲಿಗೆ ಹಾರುವುದು ದೊಡ್ಡ ಹಾರಿಕೆ. ನಮ್ಮ ಕಡೆಯ ಜಿಮ್‌ಗಳಲ್ಲಿ ಹಳೆಯ ಸಣ್ಣ ರಾಡ್‌ಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಅವುಗಳಲ್ಲಿ ಒಂದನ್ನು ತೂಕ ಮಾಡಿ ನೋಡಿ. ಹತ್ತರ ಆಸುಪಾಸು ಇದ್ದರೆ ಅದೇ ಸರಿ.

ಮೊದಲು ಸ್ಟ್ಯಾಂಡಿನಿಂದ ತೆಗೆದು, ಚೀಲದಂತೆಯೇ ನಿಂತಲ್ಲಿಂದ ಇಳಿದು ಮೇಲೆ ಬನ್ನಿ. ರಾಡ್ ತೊಡೆಗೆ ಉಜ್ಜಿಕೊಂಡೇ ಇಳಿಯಲಿ. ಇದರಲ್ಲಿ ಹೊಸದು ಒಂದೇ, ಕೈ ಕಾಲಿನ ಹೊರಗೆ ಬರುತ್ತದೆ.

ನೆಲದಿಂದ ಎತ್ತುವ ವಿಷಯಕ್ಕೆ ಬಂದಾಗ, ಹಗುರ ತೂಕದಲ್ಲಿ ಕಲಿಯುವವರಿಗೆ ಯಾರೂ ಹೇಳದ ಒಂದು ತೊಡಕು ಇದೆ. ಸ್ಪರ್ಧೆಯಲ್ಲಿ ಬಳಸುವ ದೊಡ್ಡ ಪ್ಲೇಟಿನ ಅಗಲ 45 ಸೆಂಟಿಮೀಟರ್. ಅದನ್ನು ಹಾಕಿದರೆ ರಾಡ್ ನೆಲದಿಂದ 22.5 ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲುತ್ತದೆ, ಹೆಚ್ಚು ಕಡಿಮೆ ಒಂದು ಗೇಣು. ಎಲ್ಲರೂ ನೋಡುವ ಡೆಡ್‌ಲಿಫ್ಟ್ ವಿಡಿಯೋಗಳು ಆ ಎತ್ತರದವು. ನೀವು ಹಾಕುವುದು 2.5 ಕಿಲೋದ ಸಣ್ಣ ಕಬ್ಬಿಣದ ಪ್ಲೇಟು. ಅದರಲ್ಲಿ ರಾಡ್ ಅರ್ಧ ಗೇಣು, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಇಳಿದುಬಿಡುತ್ತದೆ. ಅಂದರೆ ಕಡಿಮೆ ತೂಕ ಎತ್ತುವ ಹೊಸಬರು, ಹೆಚ್ಚು ತೂಕ ಎತ್ತುವ ಅನುಭವಿಗಿಂತ ಜಾಸ್ತಿ ಬಗ್ಗಬೇಕಾಗುತ್ತದೆ. ವಾರಗಟ್ಟಲೆ ಕಾಪಾಡಿಕೊಂಡು ಬಂದ ಬೆನ್ನು ಇಲ್ಲಿ ಗೂನಾಗುತ್ತದೆ.

ಆದ್ದರಿಂದ ರಾಡನ್ನು ಮೇಲೆತ್ತಿ ಇಡಿ. ದೊಡ್ಡ ಪ್ಲೇಟುಗಳನ್ನು ಮಲಗಿಸಿ ಒಂದರ ಮೇಲೊಂದು ಜೋಡಿಸಿ, ಎರಡೂ ಬದಿ ಸಮ ಇರುವ ಹಾಗೆ. ಮರದ ದಪ್ಪ ಹಲಗೆಯೂ ಆಗುತ್ತದೆ. ಮನೆಯಲ್ಲಾದರೆ ಇಟ್ಟಿಗೆ ಜೋಡಿಸಿ ಮೇಲೆ ಗೋಣಿಚೀಲ ಹಾಸಿದರೆ ಈ ತೂಕಕ್ಕೆ ಸಾಕು, ರಾಡ್ ಉರುಳದಂತೆ ನೋಡಿಕೊಳ್ಳಿ. ಮೊದಲ ಎತ್ತರ ನಿಮ್ಮ ಚೀಲ ಎಲ್ಲಿಯ ತನಕ ಹೋಗುತ್ತಿತ್ತೋ ಅಷ್ಟು, ಅಂದರೆ ಮೊಣಕಾಲ ಸ್ವಲ್ಪ ಕೆಳಗೆ. ವಾರ ಎರಡು ವಾರಕ್ಕೆ ಒಂದೊಂದು ಹಲಗೆ ತೆಗೆಯುತ್ತಾ 22.5ರ ಹತ್ತಿರ ಬನ್ನಿ. ಅದಕ್ಕಿಂತ ಕೆಳಗೆ ಹೋಗುವ ಅಗತ್ಯ ಇಲ್ಲ.

ನಿಲ್ಲುವಾಗ ರಾಡ್ ಪಾದದ ಮಧ್ಯದ ಮೇಲೆ ಬರಬೇಕು, ಕಾಲಿನ ಎಲುಬಿಗೂ ಅದಕ್ಕೂ ನಡುವೆ ಎರಡು ಬೆರಳು ಜಾಗ ಇರಲಿ. ಹಿಂಜ್ ಮಾಡಿ ಇಳಿಯಿರಿ. ಕೈ ಮೊಣಕಾಲು ದಾಟಿದ ಮೇಲೆ ಉಳಿದ ದೂರಕ್ಕೆ ಮೊಣಕಾಲು ಸ್ವಲ್ಪ ಜಾಸ್ತಿ ಮಡಚಿ, ಎಲುಬು ರಾಡಿಗೆ ಮೆತ್ತಗೆ ತಾಗುವ ತನಕ. ಇಲ್ಲಿ ಮೊಣಕಾಲು ಮುಂದೆ ಬರುವುದು ತಪ್ಪಲ್ಲ, ಮೊದಲೇ ಬರುವುದು ತಪ್ಪು. ಕೈ ನೇರ ಮಾಡಿ, ರಾಡ್ ಏಳುವ ಮೊದಲೇ ತೋಳು ಬಿಗಿಯಾಗುವಷ್ಟು ಮೆಲ್ಲಗೆ ಎಳೆದು ನೋಡಿ, ಆಮೇಲೆ ನೆಲ ಒತ್ತಿ ಏಳಿ. ಜಗ್ಗಿ ಎತ್ತಬೇಡಿ. ಎದೆ ಮತ್ತು ಕುಂಡಿ ಒಟ್ಟಿಗೆ ಮೇಲೇಳಬೇಕು. ಕುಂಡಿ ಮೊದಲು ಎದ್ದು ಎದೆ ಹಿಂದುಳಿದರೆ ಕಾಲಿನ ಕೆಲಸವೂ ಬೆನ್ನಿಗೆ ಬೀಳುತ್ತದೆ. ಹಾಗಾದರೆ ಒಂದು ಹಲಗೆ ಮೇಲೆ ಹೋಗಿ.

ತೂಕ ಏರಿಸುವುದು ಒಂದು ಸಲಕ್ಕೆ ಒಟ್ಟು 2.5 ಕಿಲೋ, ಅಥವಾ ಎತ್ತರ ಒಂದು ಹಲಗೆ ಕಡಿಮೆ. ಎರಡನ್ನೂ ಒಂದೇ ದಿನ ಬದಲಿಸಬೇಡಿ. ಬೆನ್ನು ಬಾಗಿದರೆ ಯಾವುದರಿಂದ ಬಾಗಿತು ಅಂತ ಗೊತ್ತಾಗುವುದಿಲ್ಲ.

ಮನೆಯಲ್ಲಿ ಕೊಡ ಎತ್ತುವಾಗಲೂ ಇದೇ ಲೆಕ್ಕ ನಡೆಯುತ್ತದೆ. ಕೊಡವನ್ನು ಪಾದದ ಮುಂದೆ ಇಟ್ಟು ಕೈಚಾಚಿ ಎತ್ತಿದರೆ ಅದು ಮುಂದೆ ತೂಗಾಡಿದ ಜೋಳದ ಚೀಲದ ಹಾಗೇ ಸೊಂಟವನ್ನು ಎಳೆಯುತ್ತದೆ. ಎರಡು ಪಾದಗಳ ನಡುವೆ ಬರುವ ಹಾಗೆ ಹತ್ತಿರ ಹೋಗಿ ನಿಲ್ಲಿ, ಸಾಧ್ಯವಾದರೆ ಕೊಡವನ್ನು ಕಟ್ಟೆಯ ಮೇಲೆಯೇ ತುಂಬಿಸಿ. ತುಂಬಿದ ದೊಡ್ಡ ಕೊಡ 12-15 ಕಿಲೋ ಆಗುತ್ತದೆ. ರಾಡಿನಲ್ಲಿ ಅಷ್ಟು ತೂಕಕ್ಕೆ ಬರುವ ತನಕ ಅಕ್ಕಾರು ಕೊಡವನ್ನು ಅರ್ಧ ತುಂಬಿಯೇ ಎತ್ತುತ್ತಿದ್ದರು.